ಅರ್ಧ ಸುತ್ತಿನ ನಲ್ಲಿ

ಸರ್ವಿಸ್ ಸೆಂಟರಿನಲ್ಲಿ ಅವನನ್ನು ಎಲ್ಲರೂ ಕಿವಿಡಾಕ್ಟರು ಎಂದೇ ಕರೆಯುತ್ತಿದ್ದರು. ಅವನು ರಿಪೇರಿ ಮಾಡುತ್ತಿದ್ದದ್ದು ಬಟ್ಟೆ ಒಗೆಯುವ ಮಷೀನುಗಳನ್ನು. ಆದರೆ ಯಾರ ಮನೆಗೆ ಹೋದರೂ ಮೊದಲು ಚೀಲ ಕೆಳಗಿಟ್ಟು, ಮಷೀನಿನ ಬೆನ್ನಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮನೆಯವರು ಏನಾದರೂ ಹೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆಯುತ್ತಿದ್ದ. "ನೀವು ಸ್ವಲ್ಪ ಸುಮ್ನಿರಿ. ಅದು ಹೇಳ್ಲಿ" ಎನ್ನುತ್ತಿದ್ದ. ಇಪ್ಪತ್ತಾರು ವರ್ಷದ ಅನುಭವದಲ್ಲಿ ಅವನು ಕಂಡುಕೊಂಡಿದ್ದ ಒಂದೇ ಒಂದು ತತ್ವ ಇದು: ಮನುಷ್ಯರು ಗೊತ್ತಿದ್ದೋ ಗೊತ್ತಿಲ್ಲದೆಯೋ ಸುಳ್ಳು ಹೇಳುತ್ತಾರೆ, ಮಷೀನು ಹೇಳುವುದಿಲ್ಲ.

ಈ ತತ್ವದಿಂದ ಅವನಿಗೆ ಬಹಳ ಉಪಯೋಗವಾಗಿತ್ತು, ಬಹಳ ಜನರ ಮನಸ್ಸೂ ನೊಂದಿತ್ತು. ಅವನ ಹೆಂಡತಿಯ ದೂರು ಬೇರೆಯೇ ಇತ್ತು. "ಒಂದು ಡಬ್ಬ ಗೊರ್ ಅಂದ್ರೆ ಅರ್ಧ ಗಂಟೆ ಕಿವಿಗೊಟ್ಟು ನಿಲ್ತೀರಿ. ನಾನು ಬೆಳಿಗ್ಗೆಯಿಂದ ಗೊಣಗ್ತಾ ಇದೀನಿ, ಒಂದು ಸಲ ತಿರುಗಿ ನೋಡಿದ್ರಾ?" ಎನ್ನುತ್ತಿದ್ದಳು. ಉತ್ತರ ಇಲ್ಲದಾಗ ಅವನು ಸಿಟ್ಟಾಗುತ್ತಿದ್ದ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆದರೆ ಅವನ ಕಿವಿಯ ಬಗ್ಗೆ ಯಾರೂ ಎರಡು ಮಾತಾಡುವಂತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಅವನು ಊಟದ ಹೊತ್ತಿನಲ್ಲಿ ಒಂದು ಹಳೆಯ ವಾಲ್ವನ್ನು ಬಿಚ್ಚಿ ಪಾಠ ಮಾಡುತ್ತಿದ್ದ. ಮಷೀನಿನ ಹಿಂದೆ, ನೀರಿನ ಪೈಪು ಬಂದು ಸೇರುವಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ವಾಲ್ವ್ ಇರುತ್ತದೆ. ಅದರ ತಲೆಯ ಮೇಲೆ ತಂತಿ ಸುತ್ತಿದ ಕಾಯಿಲ್. ಕಾಯಿಲಿಗೆ ಕರೆಂಟು ಬಂದರೆ ಅದು ಅಯಸ್ಕಾಂತವಾಗಿ, ಒಳಗಿನ ಸಣ್ಣ ಕಬ್ಬಿಣದ ಕಡ್ಡಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕಡ್ಡಿಯ ಕೆಳಗಿನ ಸೂಜಿಗಣ್ಣಿನಂಥ ತೂತು ತೆರೆದುಕೊಳ್ಳುತ್ತದೆ. ಆಗ ಕೆಳಗಿನ ರಬ್ಬರ್ ಪೊರೆಯ ಮೇಲಿದ್ದ ಒತ್ತಡ ಇಳಿದು, ನಲ್ಲಿಯಿಂದ ಬಂದ ನೀರೇ ಆ ಪೊರೆಯನ್ನು ಎತ್ತಿ ಒಳಗೆ ನುಗ್ಗುತ್ತದೆ. "ಬಾಗಿಲು ತೆಗೆಯೋದು ಕರೆಂಟಲ್ಲ, ನೀರು. ಕರೆಂಟು ಬರೀ ಚಿಲಕ ತೆಗೆಯುತ್ತೆ" ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಮನೆಯ ಕರೆಂಟು ದಿಕ್ಕು ಬದಲಿಸುತ್ತಲೇ ಇರುವುದರಿಂದ ಆ ಎಳೆತ ಸೆಕೆಂಡಿಗೆ ನೂರು ಸಲ ಬಿಗಿಯಾಗಿ ನೂರು ಸಲ ಸಡಿಲವಾಗುತ್ತದೆ. ಅದೇ ಗುಂಯ್ ಎನ್ನುವ ಸದ್ದು. ನೀರು ಚೆನ್ನಾಗಿ ಬೀಳುತ್ತಿದ್ದರೆ ಆ ಸದ್ದು ನೀರಿನ ಭೋರ್ಗರೆತದಲ್ಲಿ ಮುಚ್ಚಿಹೋಗುತ್ತದೆ.

"ಗುಂಯ್ ಅಂತಿದೆ, ನೀರೂ ಬೀಳ್ತಿದೆ ಅಂದ್ರೆ ಸುಖವಾಗಿದೆ, ಮುಟ್ಟಬೇಡಿ. ಗುಂಯ್ ಅಂತಿದೆ, ನೀರಿಲ್ಲ ಅಂದ್ರೆ ಕರೆಂಟು ಬಂದಿದೆ, ಕಾಯಿಲ್ ಬದುಕಿದೆ, ಅದು ನೀರಿಗೆ ಕೂಗ್ತಿದೆ. ನೀರು ಎಲ್ಲಿ ನಿಂತಿದೆ ನೋಡಿ, ಇಲ್ಲಾಂದ್ರೆ ಕಡ್ಡಿ ಸಿಕ್ಕಿಹಾಕ್ಕೊಂಡಿದೆ. ಸದ್ದೂ ಇಲ್ಲ, ನೀರೂ ಇಲ್ಲ ಅಂದ್ರೆ ಕರೆಂಟೇ ಬಂದಿಲ್ಲ, ಇಲ್ಲಾ ಕಾಯಿಲ್ ಸತ್ತಿದೆ. ಸದ್ದಿಲ್ಲದೆ ನೀರು ತುಂಬ್ತಾ ಇದ್ಯಾ? ಪೊರೆ ಮುಚ್ಕೊಂಡಿಲ್ಲ. ಮೊದಲು ನಲ್ಲಿ ಮುಚ್ಚಿ, ಆಮೇಲೆ ನನಗೆ ಫೋನ್ ಮಾಡಿ."

ಇಷ್ಟು ಚೆನ್ನಾಗಿ ಪಾಠ ಹೇಳುವ ಮನುಷ್ಯ ಒಂದೇ ಮಷೀನಿನ ಮುಂದೆ ಮೂರು ಸಲ ಮುಖಭಂಗ ಅನುಭವಿಸಿದ. ಅದು ಹೇಗಾಯಿತೆಂದರೆ ಹೀಗೆ.

ಅದು ಮೂರನೇ ಮಹಡಿಯ ಮನೆ. ಗಂಡ ವಾರವಿಡೀ ಊರೂರು ತಿರುಗುವ ಕೆಲಸದವನು. ಮನೆಯಲ್ಲಿ ಇರುತ್ತಿದ್ದದ್ದು ಸೊಸೆ ಮತ್ತು ಮಾವ. ಮಾವನಿಗೆ ಇತ್ತೀಚೆಗೆ ಆಪರೇಷನ್ ಆಗಿ, ಹಾಸಿಗೆಯ ಮೇಲೇ ಮೂತ್ರದ ಹತೋಟಿ ತಪ್ಪುತ್ತಿತ್ತು. ದಿನಕ್ಕೆ ಎರಡು ಹೊದಿಕೆ, ಮೂರು ಹಾಸು. ಮಷೀನು ನಿಂತಿತೆಂದರೆ ಅಷ್ಟನ್ನೂ ಸೊಸೆ ಬಚ್ಚಲಲ್ಲಿ ಕೂತು ಕೈಯಲ್ಲಿ ಒಗೆಯಬೇಕು. ಅವನು ಮೊದಲ ಸಲ ಹೋದಾಗ ಬಾಗಿಲು ತೆರೆದ ಆಕೆಯ ಬೆರಳುಗಳು ಸೋಪಿನ ನೀರಿಗೆ ಬಿಳಿಚಿಕೊಂಡು ಸುಕ್ಕಾಗಿದ್ದವು.

ಆಕೆ ಹೇಳಲು ಶುರುಮಾಡಿದಳು. "ಅಣ್ಣಾ, ಮೊದ್ಲು ಸ್ವಲ್ಪ ಸ್ವಲ್ಪ ಸದ್ದು ಬರ್ತಿತ್ತು, ಆಮೇಲೆ ದಿನಾ ಜಾಸ್ತಿ ಆಗ್ತಾ..."

"ಸ್ವಲ್ಪ ಸುಮ್ನಿರಿ ಅಮ್ಮ. ಅದು ಹೇಳ್ಲಿ."

ಮಷೀನು ಗುಂಯ್ ಎಂದು ಹೇಳಿತು, ನೀರು ಮಾತ್ರ ಬರಲಿಲ್ಲ. ಅವನಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು: ಕಾಯಿಲ್ ಬದುಕಿದೆ, ನೀರು ಎಲ್ಲೋ ನಿಂತಿದೆ. ಕೈಯಲ್ಲಿದ್ದ ದೂರಿನ ಕಾರ್ಡನ್ನು ನೋಡಿದ. ದೂರು ಬರೆದುಕೊಳ್ಳುವಾಗ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ 'ನಲ್ಲಿ ತೆರೆದಿದೆಯೇ?' ಎಂಬುದು. ಅದರ ಮುಂದೆ 'ಹೌದು' ಎಂದು ಗುರುತು ಹಾಕಿತ್ತು. ಅಂದಮೇಲೆ ಪೈಪಿನ ಬಾಯಿಯ ಜಾಲರಿ ಕಟ್ಟಿಕೊಂಡಿರಬೇಕು. ಅವಸರದಲ್ಲಿ ಪೈಪಿನ ತಿರುಪು ಸಡಿಲಿಸಿಯೇಬಿಟ್ಟ. ನಲ್ಲಿ ಮುಚ್ಚುವುದನ್ನು ಮರೆತಿದ್ದ. ಪೈಪಿನಲ್ಲಿ ನಿಂತಿದ್ದ ನೀರು ಒಮ್ಮೆ ಜೋರಾಗಿ ಚಿಮ್ಮಿ ಅಂಗಿಯನ್ನೆಲ್ಲ ನೆನೆಸಿತು. ಆಮೇಲೆ ಸಣ್ಣಗೆ ಸುರಿಯುತ್ತ ನಿಂತಿತು.

ಅವನು ಗೋಡೆಯ ಮೇಲಿನ ಹಿತ್ತಾಳೆ ನಲ್ಲಿಗೆ ಕೈಹಾಕಿ ತಿರುಗಿಸಿದ. ಅದು ಹಳೆಯ ಕಾಲದ, ಚಕ್ರದಂಥ ಹಿಡಿಯ ನಲ್ಲಿ. ಪೂರ್ತಿ ಮುಚ್ಚಲು ನಾಲ್ಕೈದು ಸುತ್ತು ಬೇಕು. ಅರ್ಧ ಸುತ್ತಿಗೇ ಅದು ಮುಚ್ಚಿತು. ಆ ಅರ್ಧ ಸುತ್ತು ಅವನ ಕೈಗೆ ತಿಳಿಯಿತು, ತಲೆಗೆ ಮುಟ್ಟಲಿಲ್ಲ. ತಲೆಯ ತುಂಬ ಒದ್ದೆ ಅಂಗಿಯೇ ಇತ್ತು.

"ಏನಮ್ಮ ಇದು! ರಿಪೇರಿಯವನು ಬರ್ತಾನೆ ಅಂತ ಗೊತ್ತಿದ್ರೂ ನಲ್ಲಿ ಹಾಗೇ ಬಿಡೋದಾ? ಮುಂದಿನ ಸಲ ನಾನು ಬರೋ ಮೊದ್ಲೇ ಬಂದ್ ಮಾಡಿಡ್ಬೇಕು, ತಿಳೀತಾ?"

ತನ್ನದೇ ಮರೆವಿಗೆ ಬೇರೆಯವರನ್ನು ಬೈಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆಕೆ ತಪ್ಪು ತನ್ನದೇ ಎಂಬಂತೆ ತಲೆಯಾಡಿಸಿದಳು. ಅವನು ಜಾಲರಿ ತೆಗೆದ. ಚಿಟಿಕೆಯಷ್ಟು ಮಣ್ಣಿತ್ತು. ತೊಳೆದು, ಪೈಪು ಜೋಡಿಸಿ, ನಲ್ಲಿಯನ್ನು ಪೂರ್ತಿ ತೆರೆದ. ಮಷೀನು ಭರ್ರನೆ ತುಂಬಿತು. ಕಾರ್ಡಿನಲ್ಲಿ 'ಜಾಲರಿ ಸ್ವಚ್ಛ' ಎಂದು ಬರೆದು ಮೆಟ್ಟಿಲಿಳಿದ.

ಐದನೆಯ ದಿನ ಅದೇ ಮನೆಯಿಂದ ಅದೇ ದೂರು.

ಈ ಸಲ ಆಕೆ ಅವನು ಹೇಳಿದಂತೆಯೇ ನಲ್ಲಿಯನ್ನು ಭದ್ರವಾಗಿ ಮುಚ್ಚಿಟ್ಟಿದ್ದಳು. ಎಷ್ಟು ತಿರುಗಿಸಿದಳೆಂದು ಎಣಿಸುವ ಗೋಜಿಗೆ ಯಾರು ಹೋಗುತ್ತಾರೆ? ಅವನು ಜಾಲರಿ ನೋಡಿದ, ಶುಭ್ರವಾಗಿತ್ತು. ಮೀಟರ್ ಹಿಡಿದು ಕಾಯಿಲ್ ನೋಡಿದ, ಸರಿಯಿತ್ತು. ಕರೆಂಟು ಬರುತ್ತಿತ್ತು. ಹಾಗಾದರೆ ಕಬ್ಬಿಣದ ಕಡ್ಡಿಯೇ ಆಗಾಗ ಸಿಕ್ಕಿಕೊಳ್ಳುತ್ತಿರಬೇಕು ಎಂದು ಲೆಕ್ಕ ಹಾಕಿ ವಾಲ್ವನ್ನೇ ಬದಲಿಸಿದ. ನಲ್ಲಿ ಪೂರ್ತಿ ತೆರೆದ. ಮಷೀನು ಮತ್ತೆ ಭರ್ರನೆ ತುಂಬಿತು. ಅವನೂ ತೃಪ್ತಿಯಿಂದ ಕೈ ಒರೆಸಿಕೊಂಡ.

ಹೊರಡುವಾಗ ಒಳಕೋಣೆಯ ಬಾಗಿಲಲ್ಲಿ ಮಾವ ಊರುಗೋಲು ಹಿಡಿದು ನಿಂತಿದ್ದರು. ಎತ್ತರದ, ಬಾಗಿದ ಮುದುಕ. "ಇನ್ನೂ ಕೂಗುತ್ತೆ ಅದು" ಎಂದರು.

"ಕೂಗಲ್ಲ ಯಜಮಾನ್ರೇ, ಹೊಸ ವಾಲ್ವ್ ಹಾಕಿದೀನಿ."

"ನಲ್ಲೀನ ಅಷ್ಟೊಂದು ತೆಗೀಬಾರ್ದು."

"ಆಯ್ತು, ಆಯ್ತು" ಎನ್ನುತ್ತ ಅವನು ಚಪ್ಪಲಿ ಮೆಟ್ಟಿದ. ಮುದುಕರು ಎಲ್ಲ ಮನೆಯಲ್ಲೂ ಏನೋ ಒಂದು ಹೇಳುತ್ತಿರುತ್ತಾರೆ.

ಅದಾದ ಆರನೆಯ ದಿನ ಮತ್ತೆ ದೂರು ಬಂತು. ಸೂಪರ್‌ವೈಸರ್ ಅವನನ್ನು ಒಳಗೆ ಕರೆದ. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೆ ಕುರ್ಚಿ ದೊಡ್ಡದು.

"ಒಂದೇ ಮನೆ, ಒಂದೇ ದೂರು, ಮೂರನೇ ಸಲ. ನಿಯಮ ನಿಮಗೇ ಗೊತ್ತು. ಒಂದು ಭಾಗ ಬದಲಾಯಿಸಿದ ಮೇಲೂ ಮೂರನೇ ಸಲ ಬಂತು ಅಂದ್ರೆ ಹೊರಗಿನ ಕೆಲಸ ಬಿಡಿಸಿ ಫೋನ್ ಕೋಣೆಗೆ ಹಾಕ್ತಾರೆ. ನಾನೇನೂ ಮಾಡೋಕಾಗಲ್ಲ. ಈ ಸಲ ಮಷೀನು ನಡೆಸೋ ಬೋರ್ಡನ್ನೇ ಬದಲಾಯಿಸಿ ಬನ್ನಿ, ದೋಷ ಅದರದ್ದೇ ಅಂತ ಬರೆದ್ರೆ ಉಳ್ಕೊಳ್ತೀರಿ."

"ಬೋರ್ಡ್ ಯಾಕೆ ಸರ್ ಬದಲಾಯಿಸ್ಲಿ? ವಾಲ್ವ್ ಗುಂಯ್ ಅಂತಿದೆ ಅಂದ್ರೆ ಬೋರ್ಡು ಕರೆಂಟ್ ಕಳಿಸಿದೆ ಅಂತಾನೇ ಅರ್ಥ. ಬೋರ್ಡ್ ತನ್ನ ಕೆಲಸ ಮಾಡಿದೆ!"

"ಹಾಗಾದ್ರೆ ಯಾರು ಮಾಡಿಲ್ಲ?"

ಆ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚಿತು. ಫೋನ್ ಕೋಣೆ ಎಂದರೆ ಕಿಟಕಿಯಿಲ್ಲದ ಒಂದು ಗೂಡು. ಕಿವಿಗೆ ತಂತಿ ಸಿಕ್ಕಿಸಿಕೊಂಡು ದಿನವಿಡೀ ಕಾಣದ ಜನರಿಗೆ 'ನಲ್ಲಿ ತೆರೆದಿದೆಯೇ, ಪ್ಲಗ್ ಹಾಕಿದೆಯೇ' ಎಂದು ಓದುತ್ತ ಕೂರುವುದು. ಮುಟ್ಟಲು ಮಷೀನಿಲ್ಲ, ಬಿಚ್ಚಲು ತಿರುಪಿಲ್ಲ. ಇಪ್ಪತ್ತಾರು ವರ್ಷ ಹೆಗಲಿಗೆ ಹಾಕಿಕೊಂಡ ಚೀಲವನ್ನು ಅಲ್ಲಿ ಬಾಗಿಲಲ್ಲೇ ಇಟ್ಟು ಒಳಗೆ ಹೋಗಬೇಕು.

ಮನೆಗೆ ಬಂದವನು ಊಟದ ತಟ್ಟೆಯಲ್ಲಿ ಅನ್ನವನ್ನು ಕಲಸುತ್ತಲೇ ಕೂತ. ಹೆಂಡತಿ ತಮ್ಮ ಮಷೀನಿಗೆ ಬಟ್ಟೆ ಹಾಕಿ ಗುಂಡಿ ಒತ್ತಿದಳು. ಗುಂಯ್ ಎಂದಿತು, ನೀರು ಬಿತ್ತು.

"ಏನಾಯ್ತು ರೀ ಇವತ್ತು?"

ಅವನು ಎಲ್ಲ ಹೇಳಿದ. ಯಾರ ಮೇಲೂ ಹಾಕಲಾಗದ ಸಿಟ್ಟನ್ನೆಲ್ಲ ಆ ಮಷೀನಿನ ಮೇಲೆ ಹಾಕಿ ಬೈದ. "ಎರಡು ಸಲ ಹೋದೆ ಕಣೇ. ನಾನಿದ್ದಾಗ ಸುಮ್ಮನೆ ತುಂಬುತ್ತೆ. ನಾನು ಬೆನ್ನು ಹಾಕಿದ್ರೆ ನಿಲ್ಸುತ್ತೆ. ನನ್ನ ಮೇಲೆ ಹಗೆ ಸಾಧಿಸ್ತಿದೆ."

"ಮಷೀನು ಸುಳ್ಳು ಹೇಳಲ್ಲ ಅಂತಿದ್ರಲ್ಲ. ನೀರು ಕೊಡಿ ಅಂತ ಅದು ಮೂರು ಸಲ ಹೇಳಿದೆ. ಕೊಡದೇ ಇರೋರು ಯಾರು ಅಂತ ನೋಡೋದು ಬಿಟ್ಟು ಅದರ ಗಂಟಲನ್ನೇ ಬದಲಾಯಿಸಿ ಬಂದಿದೀರಲ್ಲ!" ಎಂದಳು ಅವಳು. ಆಮೇಲೆ ಮೂಲೆಯಲ್ಲಿದ್ದ ಅವನ ಅಂಗಿಯನ್ನೆತ್ತಿ ಕೊಡವಿದಳು. "ಈ ತುಕ್ಕಿನ ಕಲೆ ಬೇರೆ, ಎರಡು ಸಲ ಒಗೆದ್ರೂ ಹೋಗಿಲ್ಲ. ಎಲ್ಲಿ ನೆನೆಸ್ಕೊಂಡು ಬಂದ್ರೋ."

ಅಂಗಿ ನೋಡಿದೊಡನೆ ಅವನ ಬಲಗೈಗೆ ಏನೋ ನೆನಪಾಯಿತು. ನಲ್ಲಿಯ ಚಕ್ರ, ಅರ್ಧ ಸುತ್ತು. ಪೂರ್ತಿ ತೆರೆದ ನಲ್ಲಿ ಅರ್ಧ ಸುತ್ತಿಗೆ ಮುಚ್ಚುವುದುಂಟೇ? ಒಮ್ಮೆ ಚಿಮ್ಮಿದ ನೀರು ಆಮೇಲೆ ಸಣ್ಣಗೆ ಸುರಿದದ್ದೇಕೆ? ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ನಿಂತ. "ಥೂ ನನ್ನ!" ಎಂದ. ಇಂಥ ಬೈಗುಳವನ್ನು ಅವನು ತನಗೇ ಬಳಸಿದ್ದು ಬಹುಶಃ ಅದೇ ಮೊದಲು.

ಮರುದಿನ ಬೆಳಿಗ್ಗೆ ಫೋನು ಮಾಡದೆಯೇ ಆ ಮನೆಯ ಬಾಗಿಲು ತಟ್ಟಿದ. ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಯ್ಯೋ, ಹೇಳಿ ಬರೋದಲ್ವಾ? ನಲ್ಲಿ ಇನ್ನೂ ಬಂದ್ ಮಾಡಿಲ್ಲ."

"ಮಾಡ್ಬೇಡಿ. ದಯವಿಟ್ಟು ಮುಟ್ಲೇಬೇಡಿ."

ಮಷೀನಿನ ಹಿಂದೆ ಕೈಹಾಕಿ ಅವನು ನಲ್ಲಿಯನ್ನು ಮುಚ್ಚುವ ಕಡೆಗೆ ತಿರುಗಿಸಿದ. ಕಾಲು ಸುತ್ತು. ಅಷ್ಟೇ, ಮುಚ್ಚಿತು. ಇಷ್ಟು ದಿನವೂ ಕಣ್ಣ ಮುಂದೆಯೇ ಇದ್ದ ಸತ್ಯ. ಅದನ್ನು ಒರೆಸಿಹಾಕುವಂತೆ ಈ ಹೆಣ್ಣುಮಗಳಿಗೆ ಆಜ್ಞೆ ಮಾಡಿ ಹೋದವನು ಅವನೇ. ಅವನಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅದನ್ನು ತಕ್ಷಣ ಬೇರೆಯವರ ಮೇಲೆ ಹಾಕದೆ ಗತಿಯಿರಲಿಲ್ಲ.

"ಯಾರಮ್ಮ ಈ ನಲ್ಲೀನ ಹಿಡಿದು ತಿರುಗಿಸೋರು? ಹೊಸ ವಾಲ್ವ್ ಹಾಕ್ದೆ! ನನ್ನ ಹೊಟ್ಟೆಪಾಡಿಗೆ ಕಲ್ಲು ಬಿತ್ತು!"

"ನಾನ್ಯಾಕೆ ತಿರುಗಿಸ್ಲಿ? ನೀವು ಹೇಳಿದ ದಿನ ಬಿಟ್ರೆ ನಾನು ಅದನ್ನ ಮುಟ್ಟೇ ಇಲ್ಲ!" ಆಕೆಯ ದನಿಯೂ ಏರಿತು. "ಎರಡು ವಾರ ಆಯ್ತು ಹಾಸಿಗೆ ಬಟ್ಟೆ ಕೈಯಲ್ಲಿ ಉಜ್ಜಿ ಉಜ್ಜಿ. ನೋಡಿ ಕೈನ. ನನಗೇನು ಹುಚ್ಚಾ?"

ಅವನು ನಲ್ಲಿಯನ್ನು ಪೂರ್ತಿ ತೆರೆದು, ಹಾಸಿಗೆಯ ಬಟ್ಟೆ ತುಂಬಿಸಿ ಗುಂಡಿ ಒತ್ತಿದ. ನೀರು ಭೋರೆಂದು ಬಿತ್ತು. ಅದರ ಅಡಿಯಲ್ಲಿ, ಕಿವಿಗೊಟ್ಟರೆ ಮಾತ್ರ, ಸಣ್ಣ ಗುಂಯ್. "ನಾನು ಇಲ್ಲೇ ಕೂತಿರ್ತೀನಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಬಾಗಿಲ ಹಿಂದಿನ ಮಣೆಯ ಮೇಲೆ ಕೂತ.

ಎರಡು ನಿಮಿಷವೂ ಆಗಿರಲಿಲ್ಲ. ಊರುಗೋಲಿನ ಟಕ್ ಟಕ್ ಕೇಳಿಸಿತು. ಮಾವ ಬಂದರು. ಬಾಗಿಲ ಹಿಂದೆ ಕೂತವನನ್ನು ನೋಡಲಿಲ್ಲ. ಗೋಡೆ ಹಿಡಿದುಕೊಂಡು ಮಷೀನಿನ ಪಕ್ಕ ನಿಂತು, ಪೈಪಿನ ಮೇಲೆ ಅಂಗೈಯಿಟ್ಟು ತಲೆಯಲ್ಲಾಡಿಸಿದರು. ನಂತರ ನಲ್ಲಿಯ ಚಕ್ರವನ್ನು ಬಹಳ ನಾಜೂಕಾಗಿ, ಮಗುವಿನ ಕೈ ಹಿಡಿದಂತೆ ಹಿಡಿದು ಒಂದು ಸುತ್ತು ಮುಚ್ಚಿದರು. ನೀರಿನ ಸದ್ದು ಇಳಿಯಿತು, ಗುಂಯ್ ಎನ್ನುವುದು ಮೇಲೆದ್ದು ಕೇಳಿಸಿತು. ಅವರು ಹುಬ್ಬು ಗಂಟಿಕ್ಕಿ ಇನ್ನೂ ಅರ್ಧ ಸುತ್ತು ಮುಚ್ಚಿದರು.

"ಏನ್ರೀ ಮಾಡ್ತಿದೀರಾ!"

ಮುದುಕರು ಬೆಚ್ಚಲಿಲ್ಲ. ಮೆಲ್ಲಗೆ ತಿರುಗಿ, "ಪೈಪು ಕೂಗ್ತಿದೆ. ಕೂಗೋ ಪೈಪನ್ನ ಹಾಗೇ ಬಿಟ್ಟು ಹೋಗ್ತಾರಾ? ನಿಮಗೆ ಯಾರೂ ಕಲಿಸಿಲ್ವಾ?" ಎಂದರು.

"ನನಗೆ ಕಲಿಸ್ತೀರಾ? ಇಪ್ಪತ್ತಾರು ವರ್ಷದಿಂದ..."

"ನಾನು ಮೂವತ್ನಾಲ್ಕು ವರ್ಷ ನೀರು ಸರಬರಾಜಲ್ಲಿ ವಾಲ್ವ್‌ಮನ್ ಆಗಿದ್ದವನು" ಎಂದರು ಮಾವ. "ಇಡೀ ಊರಿಗೆ ನೀರು ಬಿಟ್ಟವನು. ರಸ್ತೆ ವಾಲ್ವಿನ ಗುಂಡಿಗೆ ಇಳಿದು ಪೈಪಿಗೆ ಕೈಯಿಟ್ರೆ ಸಾಕು, ಒಳಗೆ ಎಷ್ಟು ಒತ್ತಡ ಇದೆ ಅಂತ ಹೇಳ್ತಿದ್ದೆ. ಒಂದು ದಿನ ದೊಡ್ಡ ಪೈಪು ಹೀಗೇ ಗುಂಯ್ ಅಂತಿತ್ತು. ವಾಲ್ವ್ ಸ್ವಲ್ಪ ಇಳಿಸೋಣ ಅಂದೆ. ಮೇಲಿನವರು ಬೇಡ ಅಂದ್ರು. ನನ್ನ ಮಾತು ಯಾರೂ ಕೇಳ್ಲಿಲ್ಲ. ಅರ್ಧ ಗಂಟೇಲಿ ಜೋಡಣೆ ಕಿತ್ತು ಹೋಯ್ತು. ಗುಂಡಿಯಲ್ಲಿದ್ದ ನನ್ನ ಜೊತೆಗಾರ ಮತ್ತೆ ನಡೀಲಿಲ್ಲ."

ಅವರು ಉಸಿರು ತೆಗೆದುಕೊಂಡರು. "ನನ್ನ ತಲೆದಿಂಬಿನ ಗೋಡೆಯೊಳಗೇ ಈ ಪೈಪು ಹೋಗೋದು. ಮಷೀನು ಹಾಕಿದಾಗೆಲ್ಲ ದಿಂಬಿಗೆ ಕೇಳಿಸುತ್ತೆ. ಎದ್ದು ಬಂದು ಒಂದು ಸ್ವಲ್ಪ ಇಳಿಸ್ತೀನಿ. ಆದ್ರೂ ನಿಲ್ಲಲ್ಲ. ಇಳಿಸಿದಷ್ಟೂ ಜಾಸ್ತಿ ಕೂಗುತ್ತೆ. ಈ ಹುಡುಗಿ ಇದರ ಪಕ್ಕದಲ್ಲೇ ನಿಂತು ಕೆಲಸ ಮಾಡ್ತಾಳೆ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?"

ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದಳು.

ಕಿವಿಡಾಕ್ಟರು ಮಣೆಯಿಂದೆದ್ದು ಮಷೀನಿನ ಪಕ್ಕಕ್ಕೆ ಬಂದ. ಒಂದೇ ಸದ್ದು. ಅವನ ಕಸುಬಿನಲ್ಲಿ ಅದಕ್ಕೆ 'ನೀರು ಸಾಲದು, ಕೊಡಿ' ಎಂದರ್ಥ. ಈ ಮುದುಕರ ಕಸುಬಿನಲ್ಲಿ 'ನೀರು ಅತಿಯಾಯಿತು, ನಿಲ್ಲಿಸಿ' ಎಂದು. ಇಬ್ಬರೂ ತಮ್ಮ ಕಿವಿಯನ್ನು ನಂಬಿ ಎರಡು ವಾರದಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತ ಬಂದಿದ್ದರು.

"ಯಜಮಾನ್ರೇ, ಕೈ ಕೊಡಿ ಇಲ್ಲಿ" ಎಂದ. ಮಷೀನು ನಿಲ್ಲಿಸಿ, ಪ್ಲಗ್ ತೆಗೆದು, ಒಳಗಿದ್ದ ನೀರನ್ನು ಬಸಿದ. ನಲ್ಲಿಯನ್ನು ಅವರ ಕೈಯಿಂದಲೇ ಪೂರ್ತಿ ಮುಚ್ಚಿಸಿದ. ಪೈಪನ್ನು ಮಷೀನಿನಿಂದ ಕಳಚಿ, ಉಳಿದ ನೀರನ್ನು ಬಕೆಟ್ಟಿಗೆ ಸುರಿದು ಕೆಳಗೆ ಹಾಕಿದ. ಕೈ ಒರೆಸಿಕೊಂಡು ಪ್ಲಗ್ ಹಾಕಿ ಗುಂಡಿ ಒತ್ತಿದ. "ಈಗ ಇದಕ್ಕೆ ಪೈಪೇ ಇಲ್ಲ. ಒಂದು ಹನಿ ನೀರಿಲ್ಲ. ಒತ್ತಡ ಎಲ್ಲಿಂದ ಬರ್ಬೇಕು?" ಎಂದು ಅವರ ಅಂಗೈಯನ್ನು ಮಷೀನಿನ ಬೆನ್ನಿಗೆ, ವಾಲ್ವ್ ಇರುವ ಜಾಗದ ಮೇಲೆ ಇರಿಸಿದ.

ಗುಂಯ್.

ಮುದುಕರ ಮುಖ ನಿಧಾನವಾಗಿ ಬದಲಾಯಿತು. ಬೆರಳುಗಳು ತಗಡಿನ ಮೇಲೆ ಹರಡಿಕೊಂಡವು.

"ಇದು ಪೈಪಲ್ಲ" ಎಂದರು ಕೊನೆಗೆ.

"ಅಲ್ಲ. ಒಳಗೊಂದು ಕಾಯಿಲ್ ಇದೆ, ಅದರ ಸದ್ದು. ಬಾಗಿಲ ಚಿಲಕ ತೆಗೆದು ನೀರಿಗೆ ಕಾಯ್ತಾ ನಿಂತಿದೆ. ನೀರು ಬಂದ್ರೆ ಆ ಸದ್ದೆಲ್ಲ ಅದರಲ್ಲೇ ಮುಚ್ಚಿಹೋಗುತ್ತೆ. ಬರದಿದ್ರೆ ಹೀಗೇ ಕೂಗ್ತಾ ಇರುತ್ತೆ."

"ಅಂದ್ರೆ..." ಮುದುಕರು ಕೈ ಹಿಂದೆಗೆದುಕೊಂಡರು. "ನೀರು ನೀರು ಅಂತ ಕೂಗ್ತಿದ್ದದ್ದಕ್ಕೆ ನಾನು ನೀರು ನಿಲ್ಲಿಸ್ತಾ ಇದ್ದೆ. ನಾನು!"

ಆ 'ನಾನು' ಕೇಳಿ ಕಿವಿಡಾಕ್ಟರು ಆ ಮುದಿ ಕೈಯನ್ನು ನೋಡಿದ. ಊರಿಗೆಲ್ಲ ನೀರು ಬಿಟ್ಟ ಕೈ ಅದು. ಸೊಸೆ ಸುಕ್ಕಾದ ತನ್ನ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮಾವ, ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು. ದನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು.

"ಹೇಳ್ದೆ ಕಣಮ್ಮ. ನಿನಗೂ ಹೇಳ್ದೆ, ಇವರಿಗೂ ಹೇಳ್ದೆ. ಆಯ್ತು ಆಯ್ತು ಅಂದ್ರಿ."

ಕಿವಿಡಾಕ್ಟರು ಪೈಪನ್ನು ಮತ್ತೆ ಜೋಡಿಸಿ, ನಲ್ಲಿಯನ್ನು ಅವರ ಕೈಯಿಂದಲೇ ಪೂರ್ತಿ ತೆರೆಸಿದ.

ಕಾರ್ಡಿನಲ್ಲಿ ಅವನು ಬರೆದದ್ದು ಒಂದೇ ಸಾಲು: 'ನಲ್ಲಿ ಅರ್ಧ ಮುಚ್ಚಿತ್ತು, ಮಷೀನಿನಲ್ಲಿ ದೋಷವಿಲ್ಲ.' ಯಾರು ಮುಚ್ಚಿದರೆಂದು ಬರೆಯಲು ಅಲ್ಲಿ ಜಾಗವೂ ಇರಲಿಲ್ಲ, ಅವನಿಗೆ ಮನಸ್ಸೂ ಇರಲಿಲ್ಲ. ಸೂಪರ್‌ವೈಸರ್ ಓದಿ ನಿಟ್ಟುಸಿರುಬಿಟ್ಟ.

"ದೋಷ ಇಲ್ಲ ಅಂದ್ರೆ ವಾಲ್ವ್ ಯಾಕೆ ಬದಲಾಯಿಸಿದ್ರಿ? ನಲ್ಲಿ ನೋಡೋದಕ್ಕೆ ಮೂರು ಸಲ ಹೋಗ್ಬೇಕಾಯ್ತಾ, ನಿಮ್ಮಂಥೋರು?"

ಮಾಮೂಲಿಯಾಗಿ ಬರಬೇಕಾದ ಸಿಟ್ಟು ಅವನಿಗೆ ಬರಲಿಲ್ಲ. ಮರುದಿನದಿಂದ ಅವನು ಫೋನ್ ಕೋಣೆಯಲ್ಲಿದ್ದ.

ಅಲ್ಲಿಯ ಪಾಡು ಹೇಳಿ ಪ್ರಯೋಜನವಿಲ್ಲ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹನ್ನೊಂದು ಪ್ರಶ್ನೆಗಳು. ಮೊದಲನೆಯದೇ 'ನಲ್ಲಿ ತೆರೆದಿದೆಯೇ?' ಅದನ್ನು ಓದುವಾಗೆಲ್ಲ ಅವನು ಹಲ್ಲು ಕಡಿಯುತ್ತಿದ್ದ. ಎಲ್ಲರೂ 'ಹೌದು' ಎನ್ನುತ್ತಿದ್ದರು. "ಎಷ್ಟು ಸುತ್ತು ತೆರೆದಿದೆ?" ಎಂದು ಅವನು ಕೇಳುತ್ತಿದ್ದ. ಅದು ಹಾಳೆಯಲ್ಲಿರಲಿಲ್ಲ. "ಹೋಗಿ ಪೂರ್ತಿ ಮುಚ್ಚಿ, ಎಷ್ಟು ಸುತ್ತಾಯ್ತು ಅಂತ ಹೇಳಿ. ನಾನು ಕಾಯ್ತೀನಿ." ಕೆಲವರು ಬೈದು ಫೋನಿಡುತ್ತಿದ್ದರು. ಒಂದೊಂದು ಕರೆಗೆ ಇಷ್ಟೇ ನಿಮಿಷ ಎಂಬ ನಿಯಮ ಬೇರೆ ಇತ್ತು. ಅವನ ಕರೆಗಳು ದಿನವೂ ಉದ್ದವಾಗುತ್ತಿದ್ದವು, ಅದಕ್ಕೂ ಮೇಲಿನವರಿಂದ ಬೈಸಿಕೊಳ್ಳುತ್ತಿದ್ದ. ಬಾಗಿಲ ಪಕ್ಕದ ಮೊಳೆಯಲ್ಲಿ ಅವನ ಚೀಲ ಧೂಳು ತಿನ್ನುತ್ತ ನೇತಾಡುತ್ತಿತ್ತು.

ಐದು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆ ಬಂತು.

"ಮಷೀನಿಗೆ ಕಿವಿ ಇಟ್ಟು ಕೇಳ್ತಾರಲ್ಲ, ಅವರಿದಾರಾ?"

ಆ ದನಿಯನ್ನು ಅವನು ಗುರುತಿಸಿದ. ಕುರ್ಚಿಯಲ್ಲಿ ನೆಟ್ಟಗಾದ. "ಹೇಳಿ ಯಜಮಾನ್ರೇ."

"ಮನೇಲಿ ನಾನೊಬ್ನೇ. ಸೊಸೆ ಔಷಧಿ ತರೋಕೆ ಹೋಗಿದಾಳೆ. ಮಷೀನು ಆಫ್ ಆಗಿದೆ. ಸ್ವಿಚ್ಚೂ ತೆಗ್ದಿದೆ. ಸದ್ದಿಲ್ಲ. ಆದ್ರೆ ಪೈಪಿನೊಳಗೆ ನೀರು ಓಡ್ತಿದೆ, ದಿಂಬಿಗೆ ತಿಳೀತು. ಹೋಗಿ ನೋಡಿದ್ರೆ ಡ್ರಮ್ಮು ಅರ್ಧಕ್ಕಿಂತ ಮೇಲೆ ತುಂಬಿದೆ."

ಸದ್ದಿಲ್ಲದೆ ತುಂಬುತ್ತಿದೆ. ಪೈಪಿನ ತುಕ್ಕಿನ ಚೂರೋ ಮರಳೋ ಪೊರೆಯ ಕೆಳಗೆ ಸಿಕ್ಕಿ, ಅದು ಮುಚ್ಚಿಕೊಳ್ಳುತ್ತಿಲ್ಲ. ಬೇಕಿಲ್ಲದಿದ್ದರೂ ಅವನೇ ಹಾಕಿ ಬಂದ ಹೊಸ ವಾಲ್ವ್. ಹಾಳೆಯ ಪ್ರಕಾರ ಅವನು ಈಗ ಹನ್ನೊಂದು ಪ್ರಶ್ನೆ ಕೇಳಿ, ಎರಡು ದಿನದೊಳಗೆ ಬರುತ್ತಾರೆಂದು ಹೇಳಬೇಕು.

"ನೀವು ನಲ್ಲಿ ಮುಟ್ಟಿದ್ರಾ?"

"ಇಲ್ಲಪ್ಪ. ಅವತ್ತಿಂದ ಮುಟ್ಟಿಲ್ಲ. ಮುಟ್ಟಬಾರ್ದು ಅಂತ ಸೊಸೆ ಹೇಳಿದಾಳೆ. ಅದಕ್ಕೇ ನಿಮ್ಮನ್ನ ಕೇಳ್ತಿರೋದು." "ಮತ್ತೆ ತಪ್ಪು ಮಾಡಬಾರ್ದಲ್ಲ."

ಮೂವತ್ನಾಲ್ಕು ವರ್ಷ ವಾಲ್ವ್ ತಿರುಗಿಸಿದ ಮನುಷ್ಯ ಒಂದು ನಲ್ಲಿ ಮುಟ್ಟಲು ಅಪ್ಪಣೆ ಕೇಳುತ್ತಿದ್ದರು. ಕಿವಿಡಾಕ್ಟರ ಕಣ್ಣು ಮಂಜಾಯಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

"ಮುಚ್ಚಿ, ಯಜಮಾನ್ರೇ. ಈಗ ಮುಚ್ಚಬೇಕು. ಪೂರ್ತಿ ಮುಚ್ಚಿ. ಎಷ್ಟು ಸುತ್ತು ಅಂತ ಜೋರಾಗಿ ಎಣಿಸಿ, ನಾನು ಕೇಳಿಸ್ಕೊಳ್ತೀನಿ."

ಊರುಗೋಲಿನ ಸದ್ದು ದೂರ ಹೋಯಿತು. ಆಮೇಲೆ ದೂರದಿಂದ ಎಣಿಕೆ: ಒಂದು... ಎರಡು... ಮೂರು... ನಾಲ್ಕು... ನಾಲ್ಕೂವರೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ಕಣ್ಣು ಮುಚ್ಚಿಕೊಂಡು ಕೂತಿದ್ದ.

"ನಿಂತಿತು" ಎಂದರು ಮುದುಕರು, ಏದುಸಿರು ಬಿಡುತ್ತ. "ಪೈಪಿಗೆ ಕೈಯಿಟ್ಟು ನೋಡ್ದೆ. ಪೂರ್ತಿ ನಿಂತಿದೆ."

"ನೀವು ಸರಿಯಾಗಿ ಕೇಳಿಸ್ಕೊಂಡ್ರಿ. ಬೇರೆ ಯಾರಿಗೂ ಇದು ಗೊತ್ತಾಗ್ತಿರ್ಲಿಲ್ಲ. ಇಷ್ಟು ಹೊತ್ತಿಗೆ ಮನೆಯೆಲ್ಲ ನೀರಾಗ್ತಿತ್ತು."

"ನೀವೇ ಬರ್ತೀರಲ್ಲ ರಿಪೇರಿಗೆ?" ಎಂದರು ಮುದುಕರು.

ಅವನು ಮೊಳೆಯಲ್ಲಿ ನೇತಾಡುತ್ತಿದ್ದ ಚೀಲವನ್ನು ನೋಡಿದ.

"ಇಲ್ಲ ಯಜಮಾನ್ರೇ. ನನ್ನನ್ನ ಈಗ ಹೊರಗೆ ಕಳಿಸಲ್ಲ. ಬೇರೆಯವರು ಬರ್ತಾರೆ."

"ಅವರು ನನ್ನ ಮಾತು ಕೇಳ್ತಾರಾ?"

ಕಿವಿಡಾಕ್ಟರು ಕಾರ್ಡನ್ನು ಮುಂದೆಳೆದುಕೊಂಡ. ದೂರಿನ ವಿವರ ಬರೆಯುವ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದ: 'ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ಚೀಲ ಬಿಚ್ಚುವ ಮೊದಲು ಮನೆಯ ಹಿರಿಯರು ಹೇಳುವುದನ್ನು ಪೂರ್ತಿ ಕೇಳುವುದು.' ಬರೆದದ್ದನ್ನು ಫೋನಿನಲ್ಲೇ ಅವರಿಗೆ ಓದಿ ಹೇಳಿದ.